ಊಟ ಕೊಡುವ ಪಾಚಿಯನ್ನೇ ಹವಳ ಹೊರಹಾಕುವುದೇಕೆ?

ಮುಂಗಾರು ಬರುವ ಮುಂಚೆ, ಏಪ್ರಿಲ್-ಮೇನಲ್ಲಿ, ಲಕ್ಷದ್ವೀಪದ ಸುತ್ತಲಿನ ಸಮುದ್ರ ಚೆನ್ನಾಗಿ ಕಾದಿರುತ್ತದೆ. 2024ರ ಬೇಸಿಗೆಯಲ್ಲಿ ಅಲ್ಲಿನ ಹವಳಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾದವು. ಹಾಗೆ ನೋಡಿದರೆ, ಕಾಣುತ್ತಿದ್ದದ್ದು ನಿಜವಾದ ಸುಣ್ಣವೇ.

ಹವಳ ಒಂದು ಪ್ರಾಣಿ. ಪಾಲಿಪ್ ಎಂಬ ಪುಟ್ಟ ಜೀವಿಗಳು ಸಾವಿರಗಟ್ಟಲೆ ಒತ್ತೊತ್ತಾಗಿ ಕೂತು, ತಮ್ಮ ಕೆಳಗೆ ಸುಣ್ಣದ ಗೂಡು ಕಟ್ಟುತ್ತಾ ಹೋಗುತ್ತವೆ. ಅವುಗಳ ಮೈ ಗಾಜಿನ ಹಾಗೆ, ಬಣ್ಣವೇ ಇಲ್ಲ ಅನ್ನಬಹುದು. ನಾವು ನೋಡುವ ಕಂದು ಬಣ್ಣ ಒಳಗಿರುವ ಪಾಚಿಯದು. ಒಂದು ಚದರ ಸೆಂಟಿಮೀಟರ್ ಹವಳದಲ್ಲಿ ಇಂಥ ಪಾಚಿ ಹತ್ತು ಲಕ್ಷ ಇರಬಹುದು. ಅದೂ ಎಲ್ಲಿ? ಪಾಲಿಪ್‌ನ ಜೀವಕೋಶದ ಒಳಗೇ. ಪಾಚಿ ಬಿಸಿಲು ಹಿಡಿದು ಸಕ್ಕರೆ ಮಾಡುತ್ತದೆ, ಅದರಲ್ಲಿ ಹೆಚ್ಚಿನ ಪಾಲನ್ನು ಹವಳಕ್ಕೆ ಬಿಟ್ಟುಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 90ರವರೆಗೂ ಹೀಗೆ ಬರುವುದುಂಟು. ಬದಲಿಗೆ ಪಾಚಿಗೆ ಸಿಗುವುದು ಇರಲು ಜಾಗ, ಹವಳ ಬಿಡುವ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕದ ಕಸ.

ನೀರು ಬಿಸಿಯಾದಾಗ ಕೆಡುವುದು ಈ ಸಕ್ಕರೆ ಮಾಡುವ ಯಂತ್ರ. ಬೆಳಕು ಹಿಡಿಯುವ ಭಾಗ ದಿನವೂ ಸವೆಯುತ್ತದೆ, ಪಾಚಿ ಅದನ್ನು ದಿನವೂ ರಿಪೇರಿ ಮಾಡಿಕೊಳ್ಳುತ್ತದೆ. ಕಾವು ಹೆಚ್ಚಿದರೆ ರಿಪೇರಿ ಹಿಂದೆ ಬೀಳುತ್ತದೆ, ಬಿಸಿಲು ಮಾತ್ರ ಸುರಿಯುತ್ತಲೇ ಇರುತ್ತದೆ. ಸಕ್ಕರೆಯಾಗದೆ ಉಳಿದ ಆ ಶಕ್ತಿ ಆಮ್ಲಜನಕದ ತಲೆಗೆ ಬಿದ್ದು, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಸುಡುವ ಪದಾರ್ಥಗಳು ಹುಟ್ಟುತ್ತವೆ. ಅವು ಸೋರಿ ಹವಳದ ಜೀವಕೋಶವನ್ನೂ ಘಾಸಿ ಮಾಡುತ್ತವೆ. ಊಟ ಹಾಕುತ್ತಿದ್ದವನೇ ವಿಷ ಬಡಿಸಲು ಶುರುಮಾಡಿದರೆ ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಹವಳ ಪಾಚಿಯನ್ನು ಹೊರಗೆ ತಳ್ಳುತ್ತದೆ. ಬಣ್ಣ ಹೋಗಿ ಸುಣ್ಣ ಕಾಣುತ್ತದೆ. ಇದೇ ಬ್ಲೀಚಿಂಗ್. ತಪ್ಪು ಬರೀ ಬಿಸಿಯದಲ್ಲ, ಬೆಳಕಿನ ಪಾಲೂ ಇದೆ. ಅದಕ್ಕೇ ಎಷ್ಟೋ ಸಲ ಹವಳದ ನೆತ್ತಿ ಬೆಳ್ಳಗಾದರೂ ನೆರಳಿನಲ್ಲಿರುವ ಅಡಿಭಾಗದಲ್ಲಿ ಕಂದು ಬಣ್ಣ ಉಳಿದಿರುತ್ತದೆ.

ಎಷ್ಟು ಬಿಸಿ ಅಂದರೆ ಜಾಸ್ತಿ? ಒಂದು ಜಾಗದಲ್ಲಿ ಅತಿ ಸೆಕೆಯ ತಿಂಗಳ ಸರಾಸರಿ 30 ಡಿಗ್ರಿ ಇದೆ ಅಂದುಕೊಳ್ಳಿ. ಅದಕ್ಕಿಂತ ಎಷ್ಟು ಡಿಗ್ರಿ ಹೆಚ್ಚು, ಎಷ್ಟು ವಾರ ಅಂತ ಗುಣಿಸಿ ಲೆಕ್ಕ ಹಾಕುತ್ತಾರೆ. ನೀರು 31 ಡಿಗ್ರಿಯಲ್ಲಿ ನಾಲ್ಕು ವಾರ ನಿಂತರೆ ಲೆಕ್ಕ 4. ಬ್ಲೀಚಿಂಗ್ ಶುರುವಾಗಲು ಸಾಮಾನ್ಯವಾಗಿ ಅಷ್ಟು ಸಾಕು. 32ರಲ್ಲಿ ನಾಲ್ಕು ವಾರ ನಿಂತರೆ ಲೆಕ್ಕ 8. ಆಗ ಸಾವು ಶುರು.

ಬೆಳ್ಳಗಾದ ಕೂಡಲೇ ಹವಳ ಸತ್ತಿತು ಅಂತ ಅಲ್ಲ. ಹತ್ತಿರ ಹೋಗಿ ನೋಡಿದರೆ ಪಾಲಿಪ್‌ಗಳು ಕಾಣುತ್ತವೆ, ಆದರೆ ಹಸಿದಿರುತ್ತವೆ. ಕೆಲವು ವಾರಗಳಲ್ಲಿ ನೀರು ತಣಿದರೆ ಅಳಿದುಳಿದ ಪಾಚಿ ಮತ್ತೆ ಹೆಚ್ಚಿಕೊಳ್ಳುತ್ತದೆ. ಸತ್ತದ್ದರ ಮೇಲಾದರೆ ಸ್ವಲ್ಪ ದಿನಕ್ಕೇ ಬೇರೆ ಜಾತಿಯ ಪಾಚಿ ಮಾಸಲು ನೂಲಿನ ಹಾಗೆ ಹತ್ತುತ್ತದೆ. ಕವಲೊಡೆದ ಹವಳಗಳು ಬೇಗ ಸಾಯುತ್ತವೆ, ಗುಂಡು ಬಂಡೆಯಂಥವು ಹೆಚ್ಚು ತಾಳುತ್ತವೆ.

ಸತ್ತ ಜಾಗವನ್ನು ಕವಲು ಹವಳ ಮತ್ತೆ ತುಂಬಲು ಹತ್ತು ವರ್ಷವಾದರೂ ಬೇಕು. ಲಕ್ಷದ್ವೀಪದಲ್ಲಿ 1998ರ ಬ್ಲೀಚಿಂಗ್ ಆದಮೇಲೆ 2010ರವರೆಗೆ 12 ವರ್ಷ ಬಿಡುವು ಸಿಕ್ಕಿತ್ತು. ಮುಂದಿನದು 2016ರಲ್ಲಿ, ಆರೇ ವರ್ಷಕ್ಕೆ ಬಂತು. ಅದರ ಮುಂದಿನದು 2024ರಲ್ಲಿ, ಎಂಟು ವರ್ಷಕ್ಕೆ.