ತೆರಿಗೆ ಕಟ್ಟೋದು ತಡವಾದರೆ ಬಡ್ಡಿ ಎಷ್ಟು?

ಪ್ರಶ್ನೆ: ನಾನು ಸಂಬಳದಾರ. ಸಂಬಳಕ್ಕೆ ಟಿಡಿಎಸ್ ಕಡಿತ ಆಗಿದೆ. ಆದರೆ ಮನೆ ಬಾಡಿಗೆ ಮತ್ತು ಎಫ್‌ಡಿ ಬಡ್ಡಿ ಸೇರಿಸಿದರೆ 2025-26ನೇ ಸಾಲಿಗೆ ಇನ್ನೂ 64,350 ರೂಪಾಯಿ ತೆರಿಗೆ ಬಾಕಿ ಇದೆ. ಮುಂಗಡ ತೆರಿಗೆ ಒಂದು ರೂಪಾಯಿಯೂ ಕಟ್ಟಿಲ್ಲ. ಆಗಸ್ಟ್ 12ಕ್ಕೆ ಹಣ ಕಟ್ಟಿ ಅದೇ ದಿನ ರಿಟರ್ನ್ ಹಾಕಿದರೆ ಒಟ್ಟು ಎಷ್ಟು ಕೊಡಬೇಕು?

ಉತ್ತರ: ಟಿಡಿಎಸ್ ಕಳೆದ ಮೇಲೂ 10,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ತೆರಿಗೆ ಉಳಿದರೆ ಮುಂಗಡ ತೆರಿಗೆ ಕಟ್ಟಲೇಬೇಕು. ಸಂಬಳದವರಿಗೂ ಇದೇ ನಿಯಮ. 60 ದಾಟಿ, ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದ ಭಾರತದ ನಿವಾಸಿಗಳಿಗೆ ಮಾತ್ರ ವಿನಾಯಿತಿ ಇದೆ. ನಿಮ್ಮ ವಿಷಯದಲ್ಲಿ ಮೂರು ಬಡ್ಡಿ ಬೀಳುತ್ತವೆ. ಮೂರಕ್ಕೂ ದರ ತಿಂಗಳಿಗೆ ಶೇ. 1, ಸರಳ ಬಡ್ಡಿ. ಲೆಕ್ಕ ಹಾಕುವಾಗ ಮೊತ್ತವನ್ನು ಕೆಳಗಿನ ನೂರಕ್ಕೆ ಇಳಿಸಬೇಕು. ತಿಂಗಳಲ್ಲಿ ಒಂದೇ ದಿನ ದಾಟಿದರೂ ಪೂರ್ತಿ ತಿಂಗಳು ಎಂದೇ ಲೆಕ್ಕ.

ಮೊದಲನೆಯದು ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 234ಸಿ, ಅಂದರೆ ಮುಂಗಡ ತೆರಿಗೆಯ ಕಂತು ತಪ್ಪಿಸಿದ್ದಕ್ಕೆ ಬಡ್ಡಿ. ಜೂನ್ 15ರೊಳಗೆ ಶೇ. 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ. 45, ಡಿಸೆಂಬರ್ 15ಕ್ಕೆ ಶೇ. 75, ಮಾರ್ಚ್ 15ಕ್ಕೆ ಪೂರ್ತಿ ಕಟ್ಟಿರಬೇಕಿತ್ತು. ಮೊದಲ ಮೂರು ಕಂತಿಗೆ ಮೂರು ಮೂರು ತಿಂಗಳ ಬಡ್ಡಿ, ಕೊನೆಯದಕ್ಕೆ ಒಂದು ತಿಂಗಳದ್ದು. ನಿಮ್ಮ ಲೆಕ್ಕ ಹೀಗೆ:

```
 9,600 x 3% =   288
28,900 x 3% =   867
48,200 x 3% = 1,446
64,300 x 1% =   643
              3,244
```

ಈ ಬಡ್ಡಿ ಮಾರ್ಚ್‌ಗೇ ನಿಂತುಹೋಗುತ್ತದೆ. ನೀವು ಯಾವಾಗ ಕಟ್ಟಿದರೂ ಇದು ಬದಲಾಗುವುದಿಲ್ಲ.

ಎರಡನೆಯದು 234ಬಿ. ಕಟ್ಟಬೇಕಾದ ಮುಂಗಡ ತೆರಿಗೆಯಲ್ಲಿ ಶೇ. 90ರಷ್ಟಾದರೂ ಮಾರ್ಚ್ 31ರೊಳಗೆ ಕಟ್ಟಿಲ್ಲದಿದ್ದರೆ ಏಪ್ರಿಲ್ 1ರಿಂದ ಇದು ಓಡಲು ಶುರು. ನೀವು ಹಣ ಕಟ್ಟುವ ತಿಂಗಳವರೆಗೂ ಓಡುತ್ತಲೇ ಇರುತ್ತದೆ. ಏಪ್ರಿಲ್‌ನಿಂದ ಆಗಸ್ಟ್‌ಗೆ ಐದು ತಿಂಗಳು. 64,300ಕ್ಕೆ ಶೇ. 5, ಅಂದರೆ 3,215 ರೂಪಾಯಿ.

ಮೂರನೆಯದು 234ಎ, ರಿಟರ್ನ್ ತಡ ಮಾಡಿದ್ದಕ್ಕೆ. ನಿಮ್ಮಂಥವರಿಗೆ ಕೊನೆಯ ದಿನ ಜುಲೈ 31. ಆಗಸ್ಟ್‌ನ 12 ದಿನ ಒಂದು ತಿಂಗಳಾಗುತ್ತದೆ, ಹಾಗಾಗಿ 643 ರೂಪಾಯಿ. ಇದರ ಜೊತೆ 234ಎಫ್ ಅಡಿ ತಡದ ಶುಲ್ಕ ಬೇರೆ. ಒಟ್ಟು ಆದಾಯ 5 ಲಕ್ಷ ದಾಟಿದ್ದರೆ 5,000, ಇಲ್ಲದಿದ್ದರೆ 1,000. ನಿಮಗೆ 5,000 ಎಂದೇ ಹಿಡಿಯೋಣ.

ಎಲ್ಲ ಸೇರಿಸಿದರೆ ಬಡ್ಡಿ 7,102, ಶುಲ್ಕ 5,000, ತೆರಿಗೆ 64,350. ಒಟ್ಟು 76,452. ಹತ್ತಿರದ ಹತ್ತಕ್ಕೆ ಸರಿ ಮಾಡಿ 76,450 ಕಟ್ಟಬೇಕು.

ಜುಲೈ 31ರೊಳಗೇ ಹಣವನ್ನೂ ರಿಟರ್ನನ್ನೂ ಮುಗಿಸಿದ್ದರೆ? 234ಬಿ ನಾಲ್ಕೇ ತಿಂಗಳು, 2,572. 234ಎ ಇಲ್ಲ, ಶುಲ್ಕವೂ ಇಲ್ಲ. 70,170ಕ್ಕೆ ಮುಗಿಯುತ್ತಿತ್ತು. ಹನ್ನೆರಡು ದಿನಕ್ಕೆ ಆರು ಸಾವಿರಕ್ಕೂ ಜಾಸ್ತಿ ಕೊಡೋದು ನನಗಂತೂ ತುಂಬಾ ಬೇಸರದ ಸಂಗತಿ. ರಿಟರ್ನ್‌ಗೆ ದಾಖಲೆ ಸಿದ್ಧವಿಲ್ಲದಿದ್ದರೂ ಹಣವನ್ನಾದರೂ ಜುಲೈನಲ್ಲೇ ಕಟ್ಟಿಬಿಡಿ. ಆಗ 234ಎ ಬೀಳುವುದಿಲ್ಲ, 234ಬಿ ಕೂಡ ಅಲ್ಲಿಗೆ ನಿಲ್ಲುತ್ತದೆ. ಶುಲ್ಕ ಮಾತ್ರ ತಪ್ಪುವುದಿಲ್ಲ.

ಆದರೆ ಇಲ್ಲೇ ಬಹಳ ಜನ ಎಡವುತ್ತಾರೆ. ಬರೀ ತೆರಿಗೆಯಷ್ಟೇ, ಅಂದರೆ 64,350 ಕಟ್ಟಿ ನಿರಾಳವಾಗುತ್ತಾರೆ. ಕಟ್ಟಿದ ಹಣ ಮೊದಲು ಶುಲ್ಕಕ್ಕೆ, ಬಡ್ಡಿಗೆ ಹೋಗುತ್ತದೆ. ಉಳಿದದ್ದು ಮಾತ್ರ ತೆರಿಗೆಗೆ. ಹೀಗಾಗಿ ಒಂದಿಷ್ಟು ತೆರಿಗೆ ಬಾಕಿಯೇ ಉಳಿದು, ಅದರ ಮೇಲೆ ಮತ್ತೆ ಬಡ್ಡಿ ಬೆಳೆಯುತ್ತದೆ. ಕೊನೆಗೆ ಇಲಾಖೆಯಿಂದ ಬಾಕಿ ಕಟ್ಟಿ ಅಂತ ಸೂಚನೆ ಬರುತ್ತದೆ. ಬಡ್ಡಿ ಸೇರಿಸಿಯೇ ಕಟ್ಟಬೇಕು ಅನ್ನೋದು ಅದಕ್ಕೇ.

ಕಟ್ಟುವ ಮೊದಲು ಫಾರ್ಮ್ 26ಎಎಸ್ ಮತ್ತು ಎಐಎಸ್ ತೆಗೆದು ಟಿಡಿಎಸ್ ಸರಿಯಾಗಿದೆಯಾ ನೋಡಿ. ಎಫ್‌ಡಿಗೆ ಬ್ಯಾಂಕ್ ಶೇ. 10 ಮಾತ್ರ ಕಡಿತ ಮಾಡಿರುತ್ತದೆ. ನಿಮ್ಮ ಸ್ಲ್ಯಾಬ್ ಶೇ. 20 ಅಥವಾ 30 ಆಗಿದ್ದರೆ ಬಾಕಿ ಹುಟ್ಟೋದು ಅಲ್ಲಿಂದಲೇ. ಆಮೇಲೆ ಇ-ಫೈಲಿಂಗ್ ತಾಣದ e-Pay Tax ನಲ್ಲಿ 2025-26ರ ಆದಾಯಕ್ಕೆ ಅನ್ವಯಿಸುವ ಅಸೆಸ್‌ಮೆಂಟ್ ವರ್ಷ 2026-27 ಮತ್ತು Self Assessment Tax (300) ಆರಿಸಿ, ಬಡ್ಡಿಯನ್ನು ಅದರದ್ದೇ ಕಾಲಂನಲ್ಲಿ ತುಂಬಿ. ವರ್ಷ ತಪ್ಪಾದರೆ ಹಣ ಬೇರೆ ಖಾತೆಗೆ ಸೇರಿ, ರಿಟರ್ನ್‌ನಲ್ಲಿ ಬಾಕಿ ಹಾಗೇ ಕಾಣುತ್ತದೆ.

ತಾಣವೂ ಬಡ್ಡಿಯನ್ನು ತಾನೇ ಲೆಕ್ಕ ಹಾಕಿ ತೋರಿಸುತ್ತದೆ. ಆದರೆ ಅದು ಅವತ್ತಿನ ದಿನಾಂಕದ ಲೆಕ್ಕ. ಆಗಸ್ಟ್ 31ಕ್ಕೆ ನೋಡಿದ ಮೊತ್ತವನ್ನು ಸೆಪ್ಟೆಂಬರ್ 1ಕ್ಕೆ ಕಟ್ಟಿದರೆ 234ಎ, 234ಬಿ ಎರಡೂ ಒಂದೊಂದು ತಿಂಗಳು ಏರುತ್ತವೆ. ನಿಮ್ಮ ಬಾಕಿಗೆ ಅದು 1,286 ರೂಪಾಯಿ. ಲೆಕ್ಕ ನೋಡಿದ ದಿನವೇ ಚಲನ್ ಕಟ್ಟಿ ರಿಟರ್ನ್ ಸಲ್ಲಿಸಿ.