ಭಾನುವಾರ ಸಂಜೆಯಾದರೆ ಎದೆ ಭಾರ, ಏನು ಮಾಡಲಿ?

ಪ್ರಶ್ನೆ: ಭಾನುವಾರ ಮಧ್ಯಾಹ್ನದ ಊಟದವರೆಗೂ ಚೆನ್ನಾಗಿರುತ್ತೇನೆ. ಸಂಜೆ ಕಾಫಿ ಹೊತ್ತಿಗೆ ಹೊಟ್ಟೆಯಲ್ಲಿ ಏನೋ ಸಂಕಟ ಶುರುವಾಗುತ್ತದೆ. ರಾತ್ರಿ ಒಂದಾದರೂ ನಿದ್ದೆ ಇಲ್ಲ. ಕೆಲಸ ಅಷ್ಟೇನೂ ಕೆಟ್ಟದಲ್ಲ. ಆದರೂ ಯಾಕೆ ಹೀಗೆ?

ಸೋಮವಾರ ಹನ್ನೊಂದು ಗಂಟೆಗೆ ನೀವು ಹೇಗಿರುತ್ತೀರಿ? ಆಗ ಸಂಕಟ ಕರಗಿರುತ್ತದೆ ಅಂದರೆ, ನಿಮ್ಮನ್ನು ಕಾಡುತ್ತಿರುವುದು ಕೆಲಸವಲ್ಲ, ಕೆಲಸದ ನಿರೀಕ್ಷೆ. ಭಾನುವಾರ ಸಂಜೆ ಕೆಲಸದ ಬಗ್ಗೆ ಯೋಚಿಸಬಹುದು, ಆದರೆ ಏನೂ ಮಾಡುವ ಹಾಗಿಲ್ಲ. ಅದೇ ಕಷ್ಟ.

ಇದಕ್ಕೆ ಬೀಜ ಬೀಳುವುದು ಹೆಚ್ಚಾಗಿ ಶುಕ್ರವಾರ. ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ನೆನಪಲ್ಲಿ ಜಾಸ್ತಿ ಉಳಿಯುತ್ತದೆ ಎಂದು ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ 1927ರಲ್ಲೇ ಬರೆದಿದ್ದರು. ಶುಕ್ರವಾರ ಬಸ್ಸು ಹಿಡಿಯುವ ಆತುರದಲ್ಲಿ ಹಾಗೇ ಬಿಟ್ಟು ಬಂದದ್ದು ಭಾನುವಾರ ಮನೆಗೆ ಬರುತ್ತದೆ.

ಅಕೌಂಟ್ಸ್ ವಿಭಾಗದಲ್ಲಿರುವ ನನ್ನ ಗೆಳತಿಗೆ ಹೀಗೇ ಆಗುತ್ತಿತ್ತು. "ನಾಳೆ ಏನಾಗುತ್ತೋ" ಅನ್ನುತ್ತಿದ್ದಳು. ಆ "ಏನೋ" ಯಾವುದು ಎಂದು ಒಂದು ಹಾಳೆಯಲ್ಲಿ ಬರೆಸಿದೆ. ಬಂದದ್ದು ಮೂರೇ: ತಾಳೆಯಾಗದ ಒಂದು ಬಿಲ್ಲು, ಉತ್ತರಿಸದ ಒಂದು ಮೇಲ್, ಹತ್ತು ಗಂಟೆಯ ಮೀಟಿಂಗ್. "ಬಿಲ್ಲು ನೋಡಬೇಕು" ಎಂದಷ್ಟೇ ಬರೆದರೆ ಸಾಲದು. ಯಾವಾಗ, ಮೊದಲು ಏನು, ಅದೂ ಇರಬೇಕು. ಹಾಗಾಗಿ "9:30ಕ್ಕೆ ಗೋಡೌನಿಗೆ ಫೋನ್, ಡೆಲಿವರಿ ಚಲನ್ ಕೇಳುವುದು" ಎಂದು ಬರೆದಳು. ಮೇಲ್‌ಗೆ ಮೊದಲ ಸಾಲು ಬರೆದಿಟ್ಟಳು. ಮೀಟಿಂಗಿನಲ್ಲಿ ಅವಳಿಗೆ ಭಯ ಇದ್ದದ್ದು ಒಂದೇ ಪ್ರಶ್ನೆಗೆ: ಕಳೆದ ತಿಂಗಳ ಖರ್ಚು ಯಾಕೆ ಏರಿತು? ಅದಕ್ಕೆ ಎರಡು ಸಾಲಿನ ಉತ್ತರ ಸಿದ್ಧವಾಯಿತು. ಎಲ್ಲಾ ಸೇರಿ ಕಾಲು ಗಂಟೆ.

ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಯುವಜನರ ಮೇಲೆ ಮಾಡಿದ ಒಂದು ಸಣ್ಣ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮಲಗುವ ಮುಂಚೆ 5 ನಿಮಿಷ ಮುಂದಿನ ಕೆಲಸಗಳನ್ನು ಬರೆದವರು, ಮುಗಿದ ಕೆಲಸ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಹೋದರು. ಪಟ್ಟಿಯಲ್ಲಿ ವಿವರ ಹೆಚ್ಚಿದ್ದಷ್ಟೂ ನಿದ್ದೆ ಬೇಗ ಬಂತು. ನನ್ನ ಮಟ್ಟಿಗೆ ಶುಕ್ರವಾರ ಹೊರಡುವ ಮುಂಚೆ ಬರೆಯುವುದೇ ಒಳ್ಳೆಯದು. ಆಗ ಫೈಲು ಎದುರಿಗೇ ಇರುತ್ತದೆ. ತಪ್ಪಿದರೆ ಭಾನುವಾರ ಸಂಜೆ ಬರೆಯಿರಿ, ಆದರೆ ಕಾಗದದ ಮೇಲೆ. ಲ್ಯಾಪ್‌ಟಾಪ್ ತೆರೆದರೆ ಹೊಸ ಮೇಲ್‌ಗಳು ಕಾಣುತ್ತವೆ, ಪಟ್ಟಿ ಬೆಳೆಯುತ್ತದೆ.

ಇನ್ನು ರಾತ್ರಿ ಒಂದರವರೆಗಿನ ಎಚ್ಚರ. ಶನಿವಾರ ತಡವಾಗಿ ಮಲಗಿ, ಭಾನುವಾರ ಹತ್ತಕ್ಕೆ ಎದ್ದು, ಊಟವಾದ ಮೇಲೆ ಮತ್ತೆ ಎರಡು ಗಂಟೆ ಮಲಗಿದರೆ ರಾತ್ರಿ ಹನ್ನೊಂದಕ್ಕೆ ನಿದ್ದೆ ಎಲ್ಲಿಂದ ಬರಬೇಕು, ಅಲ್ವಾ? ನಿದ್ದೆ ಬರದೆ ಹೊರಳಾಡುವಾಗ ಆಫೀಸು ನೆನಪಾಗುತ್ತದೆ, ಭಯದಿಂದಲೇ ನಿದ್ದೆ ಹೋಯಿತು ಅನ್ನಿಸುತ್ತದೆ. ರಜೆಯಲ್ಲೂ ಮಾಮೂಲಿಗಿಂತ ಒಂದು ಗಂಟೆಗಿಂತ ಹೆಚ್ಚು ತಡ ಮಾಡದೆ ಏಳಿ.

ಸೋಮವಾರ ಮಧ್ಯಾಹ್ನವೂ ಸಂಕಟ ಇಳಿಯದಿದ್ದರೆ, ಶನಿವಾರವೇ ಶುರುವಾಗುತ್ತಿದ್ದರೆ, ಅಥವಾ ಭಯ ಇರುವುದು ದಿನಾ ಬೈಯುವ ಒಬ್ಬರ ಬಗ್ಗೆ ಆಗಿದ್ದರೆ, ಪಟ್ಟಿಯಿಂದ ಆಗುವುದು ಕಡಿಮೆ. ಬೈಗುಳದ ವಿಷಯ ಮೇಲಿನವರ ಮುಂದೆ ಇಡಬೇಕಾದದ್ದು. ಎರಡು ವಾರ ದಿನವೂ ಹೀಗೇ ಇದ್ದರೆ ಮನೋವೈದ್ಯರನ್ನು ಕಾಣಿ. ಮೊದಲು ಫೋನಿನಲ್ಲೇ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.