ಮನೆ ನೆಲದ ಮೇಲೆ ಕೂರೋದು ಹೇಗೆ?

ತುಮಕೂರಿನ ಕ್ಯಾತ್ಸಂದ್ರದ ಒಂದು ಖಾಲಿ ಸೈಟ್. ಪೂರ್ವ ದಿಕ್ಕಿಗೆ 30 ಅಡಿ ರಸ್ತೆ. 2025ರ ಸಂಕ್ರಾಂತಿ ಮರುದಿನ, ಜನವರಿ 15ರ ಸಂಜೆ 4 ಗಂಟೆಗೆ ರಸ್ತೆಯ ಆಚೆ ನಿಂತು ಫೋಟೋ ತೆಗೆದೆ. ಕಂಪ್ಯೂಟರ್‌ನಲ್ಲಿ ಎಐನಿಂದ ಮಾಡಿಸಿದ್ದ ಮೂರು ಅಂತಸ್ತಿನ ಮನೆಯ ಚಿತ್ರವನ್ನು ಆ ಫೋಟೋದಲ್ಲಿ ಕೂರಿಸಿ, ಪ್ರಿಂಟ್ ಹಾಕಿಸಿ ಮನೆ ಯಜಮಾನರ ಕೈಗೆ ಕೊಟ್ಟೆ. ಅವರು ಸ್ವಲ್ಪ ಹೊತ್ತು ನೋಡಿದರು. "ಮನೆ ಚೆನ್ನಾಗಿದೆ ಸರ್. ಆದ್ರೆ ನಮ್ಮ ಸೈಟಲ್ಲಿ ಇಲ್ಲ ಅನ್ಸುತ್ತೆ, ಗಾಳೀಲಿ ನಿಂತಂಗಿದೆ ಅಲ್ವಾ?"

ಅವರು ಹೇಳಿದ್ದು ನಿಜ. ತಪ್ಪು ಒಂದಲ್ಲ, ಮೂರಿದ್ದವು. ಈ ಕೆಲಸ ಮಾಡಿದವರಿಗೆಲ್ಲ ಹಿಂದಿನಿಂದಲೂ ಅಡ್ಡ ಬಂದಿರುವುದು ಇದೇ ಮೂರು.

ಮೊದಲನೆಯದು ಕಣ್ಣಿನ ಮಟ್ಟ. ಇನ್ನೂ ಕಟ್ಟದ ಕಟ್ಟಡವನ್ನು ಬೀದಿಯ ಫೋಟೋದಲ್ಲಿ ತೋರಿಸುವುದು ಹೊಸ ಆಸೆಯೇನಲ್ಲ. 1921ರಲ್ಲಿ ಬರ್ಲಿನ್‌ನ ಫ್ರೀಡ್ರಿಕ್ ರಸ್ತೆಗೆ ಗಾಜಿನ ಗೋಪುರ ಯೋಚಿಸಿದ್ದ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ, ಅದನ್ನು ಆ ಬೀದಿಯ ಫೋಟೋಕ್ಕೇ ಸೇರಿಸಿ ತೋರಿಸಿದ್ದರು. ಆಗ ಎಲ್ಲವೂ ಕೈಕೆಲಸ. ಫೋಟೋದಲ್ಲಿರುವ ಕಟ್ಟಡಗಳ ಗೆರೆಗಳನ್ನು ಉದ್ದಕ್ಕೆ ಎಳೆದು, ಅವು ಎಲ್ಲಿ ಸೇರುತ್ತವೆ ಅಂತ ಹುಡುಕಿ, ಹೊಸ ಕಟ್ಟಡದ ಗೆರೆಗಳನ್ನೂ ಅಲ್ಲಿಗೇ ಓಡಿಸಬೇಕು.

ಇದನ್ನು ಪರೀಕ್ಷಿಸಲು ಸುಲಭದ ದಾರಿ ಇದೆ. ನನ್ನ ಫೋನ್ ನೆಲದಿಂದ 5 ಅಡಿ ಎತ್ತರದಲ್ಲಿತ್ತು. ನೆಲ ಸಮತಟ್ಟಾಗಿದ್ದರೆ, ಫೋಟೋದಲ್ಲಿ ಹತ್ತಿರ ಇರಲಿ, ದೂರ ಇರಲಿ, ಪ್ರತಿ ವಸ್ತುವಿನ 5 ಅಡಿ ಎತ್ತರದ ಜಾಗ ಒಂದೇ ಅಡ್ಡ ಗೆರೆಯ ಮೇಲೆ ಬರಬೇಕು. ಆ ಗೆರೆಯೇ ದಿಗಂತ. ನಮ್ಮ ಮನೆಗೆ 2 ಅಡಿ ಪ್ಲಿಂತ್, ಅದರ ಮೇಲೆ 7 ಅಡಿಯ ಬಾಗಿಲು. ಅಂದರೆ ದಿಗಂತದ ಗೆರೆ ಬಾಗಿಲನ್ನು ಅರ್ಧಕ್ಕಿಂತ ಸ್ವಲ್ಪ ಕೆಳಗೆ ದಾಟಬೇಕು. ನನ್ನ ಚಿತ್ರದಲ್ಲಿ ಅದು ಮೊದಲ ಮಹಡಿಯ ಬಾಲ್ಕನಿ ಮೇಲೆ ಹಾದುಹೋಗಿತ್ತು. ಮನೆಯನ್ನು ಯಾರೋ ಎದುರು ಮನೆಯ ತಾರಸಿಯಿಂದ ನೋಡಿದ ಹಾಗಿತ್ತು, ಸೈಟನ್ನು ರಸ್ತೆಯಿಂದ ನೋಡಿದ ಹಾಗೆ. ಇಂಥ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಕುಗ್ಗಿಸಿದರೂ ಸರಿಹೋಗಲ್ಲ. ಬೇರೆ ಚಿತ್ರವೇ ಬೇಕು.

ಎರಡನೆಯದು ಸೂರ್ಯ. 1986ರಲ್ಲಿ ಜಪಾನಿನ ಸಂಶೋಧಕ ಏಹಚಿರೊ ನಕಾಮಾಯೆ ಮತ್ತು ಜೊತೆಗಾರರು ಕಂಪ್ಯೂಟರ್‌ನಲ್ಲಿ ಬಿಡಿಸಿದ ಕಟ್ಟಡವನ್ನು ಫೋಟೋದಲ್ಲಿ ಕೂರಿಸುವ ಒಂದು ವಿಧಾನ ಪ್ರಕಟಿಸಿದರು. ಕ್ಯಾಮೆರಾ ಎಲ್ಲಿತ್ತು, ಸೂರ್ಯ ಎಲ್ಲಿದ್ದ, ದೂರದ ಮಂಜು ಎಷ್ಟು ಅನ್ನುವುದನ್ನೆಲ್ಲ ಲೆಕ್ಕಕ್ಕೆ ತಂದದ್ದು ಅದರ ಹೆಚ್ಚುಗಾರಿಕೆ. ಊರು, ತಾರೀಕು, ಗಂಟೆ ಗೊತ್ತಿದ್ದರೆ ಸೂರ್ಯ ಎಲ್ಲಿದ್ದ ಅಂತ ಊಹಿಸುವ ಅಗತ್ಯವೇ ಇಲ್ಲ.

ನಮ್ಮ ಫೋಟೋವನ್ನೇ ನೋಡೋಣ. ತುಮಕೂರು ಇರುವುದು 13.3 ಡಿಗ್ರಿ ಉತ್ತರ ಅಕ್ಷಾಂಶ, 77.1 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿಯ ಲೆಕ್ಕದಲ್ಲಿ. ಹಾಗಾಗಿ ಜನವರಿ ಮಧ್ಯದಲ್ಲಿ ಇಲ್ಲಿನ ನಿಜವಾದ ನಡುಮಧ್ಯಾಹ್ನ ಸುಮಾರು 12:31ಕ್ಕೆ. ಸಂಜೆ 4ಕ್ಕೆ ಸೂರ್ಯ ನೈರುತ್ಯದಲ್ಲಿ, ನೆಲದಿಂದ 28 ಡಿಗ್ರಿ ಮೇಲಿರುತ್ತಾನೆ. ಆಗ ಯಾವುದೇ ವಸ್ತುವಿನ ನೆರಳು ಅದರ ಎತ್ತರದ ಸುಮಾರು 1.9 ಪಟ್ಟು ಉದ್ದ, ಈಶಾನ್ಯದ ಕಡೆಗೆ. ಸೈಟಲ್ಲಿ ಟೇಪ್ ಹಿಡಿದಿದ್ದೆವು: ಐದೂವರೆ ಅಡಿಯ ಹುಡುಗನ ನೆರಳು 10 ಅಡಿ ದಾಟಿತ್ತು. ಲೆಕ್ಕ ಸರಿಯಾಗೇ ಇತ್ತು.

ಈಗ ಮನೆಗೆ ಬನ್ನಿ. ಪ್ಯಾರಪೆಟ್ ಸೇರಿ ಎತ್ತರ 33 ಅಡಿ. ನೆರಳು 60 ಅಡಿಗಿಂತ ಜಾಸ್ತಿ, ರಸ್ತೆಯನ್ನೂ ದಾಟಿ ಹೋಗುತ್ತೆ. ಪೂರ್ವಕ್ಕೆ ಮುಖ ಮಾಡಿದ ಗೋಡೆ ಪೂರ್ತಿ ನೆರಳಲ್ಲಿರಬೇಕು. ನನ್ನ ಚಿತ್ರದಲ್ಲೋ ಮುಂದಿನ ಗೋಡೆ ಬಿಸಿಲಲ್ಲಿ ಫಳಫಳ ಹೊಳೆಯುತ್ತಿತ್ತು, ಸಜ್ಜೆಯ ನೆರಳೂ ಅದರ ಮೇಲೆ ಬಿದ್ದಿತ್ತು. ಆ ಗಂಟೆಗೆ ಆ ಗೋಡೆಗೆ ಬಿಸಿಲು ಬೀಳೋದೇ ಇಲ್ಲ.

ನಮ್ಮ ಕಡೆಯವರು ಇನ್ನೊಂದು ವಿಷಯ ನೆನಪಿಡಬೇಕು. ಏಪ್ರಿಲ್ 25ರ ಆಸುಪಾಸಿನಿಂದ ಆಗಸ್ಟ್ 18ರ ಆಸುಪಾಸಿನವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಸೂರ್ಯ ಯಾವಾಗಲೂ ದಕ್ಷಿಣದಲ್ಲಿ ಅನ್ನುವುದು ಯೂರೋಪಿನ ಪಾಠ. ಅದನ್ನು ಹಾಗೇ ಇಟ್ಟುಕೊಂಡು ಜೂನ್ ತಿಂಗಳ ತುಮಕೂರಿನ ಫೋಟೋಗೆ ನೆರಳು ಹಾಕಿದರೆ ಉಲ್ಟಾ ಆಗುತ್ತೆ.

ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು, ನೆಲ. 1998ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಪಾಲ್ ಡೆಬೆವೆಕ್ ಇದಕ್ಕೆ ಬಹಳ ಚೆಂದದ ಉಪಾಯ ತೋರಿಸಿದರು. ಜಾಗದ ಬೆಳಕನ್ನು ಹಿಡಿಯಲು ಅಲ್ಲೊಂದು ಕನ್ನಡಿಯಂಥ ಗುಂಡು ಇಟ್ಟು, ಹಲವು ಎಕ್ಸ್‌ಪೋಷರ್‌ಗಳಲ್ಲಿ ಫೋಟೋ ತೆಗೆದರು. ಆಮೇಲೆ ನೆಲದ ಒಂದು ಸರಳ ಮಾದರಿ ಮಾಡಿ, ಅದನ್ನು ಕಂಪ್ಯೂಟರ್‌ನಲ್ಲಿ ಎರಡು ಸಲ ಬಿಡಿಸಿದರು. ಒಮ್ಮೆ ಹೊಸ ವಸ್ತು ಇಟ್ಟು, ಒಮ್ಮೆ ಇಡದೆ. ಎರಡರ ನಡುವಿನ ವ್ಯತ್ಯಾಸ ಏನಿದೆಯೋ ಅದನ್ನು ಮಾತ್ರ ನಿಜವಾದ ಫೋಟೋಗೆ ಸೇರಿಸಿದರು. ಹೀಗೆ ಮಾಡಿದರೆ ನೆಲದ ಕಲ್ಲು, ಹುಲ್ಲು, ಟೈರ್ ಗುರುತು ಎಲ್ಲ ಫೋಟೋದಲ್ಲಿ ಇದ್ದ ಹಾಗೇ ಉಳಿಯುತ್ತವೆ. ಬೆಳಕು ಕಡಿಮೆಯಾದ ಕಡೆ ಮಾತ್ರ ಕಪ್ಪಾಗುತ್ತೆ. ಇವತ್ತು ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶದಲ್ಲಿ ಒಂದು ಟಿಕ್ ಹಾಕಿದರೆ ಸಿಗುವ Shadow Catcher ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ.

ಇಲ್ಲಿ ಎರಡು ಬಗೆಯ ನೆರಳುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಬಿಸಿಲಿನ ನೆರಳು ಗೋಡೆಯ ಬುಡದಲ್ಲಿ ಚೂಪಾಗಿ, ತುದಿಗೆ ಹೋಗ್ತಾ ಮಸುಕಾಗುತ್ತೆ. ಸಂಜೆಯ ಆ 60 ಅಡಿ ನೆರಳಿನ ತುದಿಯಲ್ಲಿ ಮಸುಕೇ ಒಂದು ಅಡಿಯಷ್ಟಿರುತ್ತೆ. ಇನ್ನೊಂದು, ಪ್ಲಿಂತ್ ಮಣ್ಣಿಗೆ ತಾಗುವ ಜಾಗದ ಸಣ್ಣ ಕಪ್ಪು. ಆ ಸಂದಿಗೆ ಆಕಾಶದ ಬೆಳಕೂ ಸರಿಯಾಗಿ ಇಳಿಯಲ್ಲ, ಅದಕ್ಕೇ ಅದು ಕಪ್ಪು. ಗೋಡೆ ನೆರಳಲ್ಲಿದ್ದಾಗ ಮನೆಯನ್ನು ನೆಲಕ್ಕೆ ಕಟ್ಟಿಹಾಕುವುದು ಈ ಕಪ್ಪೊಂದೇ. ಮೊದಲ ಚಿತ್ರದಲ್ಲಿ ಅದೇ ಇರಲಿಲ್ಲ. ಪ್ಲಿಂತ್‌ನ ಅಂಚು ಬ್ಲೇಡಲ್ಲಿ ಕತ್ತರಿಸಿದ ಹಾಗೆ ನೇರವಾಗಿತ್ತು.

2022ರಿಂದೀಚೆಗೆ ಎಐ ಚಿತ್ರಗಳು ಎಲ್ಲರ ಕೈಗೂ ಸಿಕ್ಕವು. ಗೋಡೆಯ ಬಣ್ಣ, ಕಲ್ಲು, ಗಾಜು ನಿಜದ ಹಾಗೇ ಬರುತ್ತವೆ. ಆದರೆ 2024ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು, ಇಂಥ ಚಿತ್ರಗಳಲ್ಲಿ ನೆರಳು ಮತ್ತು ದೂರಕ್ಕೆ ಓಡುವ ಗೆರೆಗಳು ನಿಜವಾದ ಫೋಟೋದ ಲೆಕ್ಕಕ್ಕೆ ಹೊಂದಲ್ಲ ಅಂತ ತೋರಿಸಿತು. ನನ್ನ ಮೇಜಿನ ಮೇಲಿದ್ದ ಪ್ರಿಂಟಲ್ಲೂ ಅದೇ ಆಗಿತ್ತು.

ಎರಡನೇ ಸಲ ಕೆಲಸದ ಕ್ರಮವನ್ನೇ ಬದಲಿಸಿದೆ. ಮರುದಿನ ಬೆಳಿಗ್ಗೆ 9ಕ್ಕೆ ಹೋದೆ. ಆಗಲೂ ಸೂರ್ಯ 28 ಡಿಗ್ರಿಯಲ್ಲೇ, ಆದರೆ ಆಗ್ನೇಯದಲ್ಲಿ. ಮುಂದಿನ ಗೋಡೆಗೆ ಎಡದಿಂದ ಬಿಸಿಲು, ಉದ್ದ ನೆರಳು ಮನೆಯ ಹಿಂದಕ್ಕೆ. ಕಾಂಪೌಂಡ್ ಮತ್ತು ರಸ್ತೆ ಅಂಚಿನ ಗೆರೆಗಳನ್ನು, ಫೋಟೋದಿಂದ ಕ್ಯಾಮೆರಾ ಎಲ್ಲಿತ್ತು ಅಂತ ಲೆಕ್ಕ ಹಾಕುವ fSpy ತಂತ್ರಾಂಶಕ್ಕೆ ಕೊಟ್ಟು ಕ್ಯಾಮೆರಾ ಹೊಂದಿಸಿದೆ. ಮನೆಯನ್ನು ಬರೀ ಡಬ್ಬದ ಹಾಗೆ ಅಳತೆಗೆ ಸರಿಯಾಗಿ ಕಟ್ಟಿ, ಸೂರ್ಯನನ್ನು ತಾರೀಕು, ಗಂಟೆ ಕೊಟ್ಟು ಇಟ್ಟೆ. ಪಕ್ಕದ ಕಾಂಪೌಂಡ್ ಗೋಡೆಯನ್ನೂ ಮಾದರಿಯಲ್ಲಿ ನಿಲ್ಲಿಸಿದೆ, ಇಲ್ಲದಿದ್ದರೆ ನೆರಳು ಅದರ ಮೇಲೆ ಹತ್ತದೆ ನೆಲದಲ್ಲೇ ಹರಿದುಬಿಡುತ್ತೆ. ಗೋಡೆಯ ಮೇಲ್ಮೈಗೆ ಮಾತ್ರ ಎಐ ಬಳಸಿದೆ. ಗೆರೆ, ನೆರಳು ಎರಡನ್ನೂ ಅದರ ಕೈಗೆ ಕೊಡಲಿಲ್ಲ.

ಕೊನೆಗೆ ಉಳಿದದ್ದು ಕೈಕೆಲಸ. ನಮ್ಮ ಕೆಂಪು ಮಣ್ಣಿನ ಮೇಲೆ ಬಿದ್ದ ಬಿಸಿಲು ಗೋಡೆಯ ಕೆಳಭಾಗಕ್ಕೂ ಸಜ್ಜೆಯ ಅಡಿಗೂ ತಿಳಿ ಕೆಂಪು ಎರಚುತ್ತೆ, ಅದನ್ನು ಸೇರಿಸಿದೆ. ಫೋಟೋದಲ್ಲಿದ್ದ ನಾಲ್ಕು ಹುಲ್ಲಿನ ಗರಿಗಳನ್ನು ಪ್ಲಿಂತ್‌ನ ಮುಂದಕ್ಕೆ ತಂದೆ. ಪಕ್ಕದ ಸೈಟಿನ ಹೊಂಗೆ ಮರದ ನೆರಳು ಮನೆಯ ನೆರಳಿನ ಜೊತೆ ಸೇರುವ ಕಡೆ ಎರಡು ಪಟ್ಟು ಕಪ್ಪಾಗಿತ್ತು. ಮರ ಒಮ್ಮೆ ತಡೆದ ಬಿಸಿಲನ್ನು ಮನೆ ಮತ್ತೆ ತಡೆಯೋಕಾಗಲ್ಲ, ಹಾಗಾಗಿ ಅಲ್ಲಿ ಹೊಸ ನೆರಳನ್ನು ಅಳಿಸಿದೆ. ಮರದ ಮಾದರಿ ಇಲ್ಲದಿದ್ದರೆ ಯಾವ ತಂತ್ರಾಂಶಕ್ಕೂ ಇದು ತಾನಾಗಿ ಗೊತ್ತಾಗಲ್ಲ, ಕಣ್ಣಲ್ಲೇ ಹುಡುಕಬೇಕು.

ಯಜಮಾನರು ಹೊಸ ಪ್ರಿಂಟ್ ಹಿಡಿದು, ಬೆರಳಲ್ಲಿ ಗೇಟಿನ ಜಾಗ ತೋರಿಸಿ ಕೇಳಿದರು: "ಇಲ್ಲಿ ಕಾರು ಹತ್ತೋಕೆ ರ‍್ಯಾಂಪ್ ಜಾಸ್ತಿ ಕಡಿದಾಗಲ್ವಾ ಸರ್?"